ಸತ್ತವನಿಗೆ ನೀರಿಟ್ಟ ಮನೆ, ಸತ್ತವರನ್ನು ನಂಬದ ಊರು

ನಿದ್ದೆ ಬಾರದ ಒಂದು ರಾತ್ರಿ ನೀರು ಕುಡಿಯಲೆಂದು ಅಂಗಳಕ್ಕೆ ಬಂದ ಉರ್ಸುಲಾಗೆ ನೀರಿನ ಹರವಿಯ ಪಕ್ಕದಲ್ಲಿ ಪ್ರುದೆನ್ಸಿಯೊ ಅಗಿಲಾರ್ ಕಾಣಿಸುತ್ತಾನೆ. ಅವನು ಸತ್ತವನು. ಕೋಳಿ ಅಂಕದಲ್ಲಿ ಸೋತ ಸಿಟ್ಟಿಗೆ ಅವಳ ಗಂಡನ ಗಂಡಸುತನವನ್ನು ಎಲ್ಲರೆದುರು ಹಂಗಿಸಿ, ಅದೇ ದಿನ ಅವನ ಈಟಿ ಗಂಟಲಿಗೆ ನಾಟಿ ಪ್ರಾಣ ಬಿಟ್ಟವನು. ಈಗ ಬಿಳಿಚಿಕೊಂಡ ಮುಖದಲ್ಲಿ ತುಂಬ ದುಃಖ ಹೊತ್ತು, ಗಂಟಲಿನ ತೂತನ್ನು ನಾರಿನ ಬೆಣೆಯೊಂದರಿಂದ ಮುಚ್ಚಲು ಒದ್ದಾಡುತ್ತಿದ್ದಾನೆ. ಉರ್ಸುಲಾಗೆ ಹೆದರಿಕೆಯಾಗುವುದಿಲ್ಲ, ಕನಿಕರವಾಗುತ್ತದೆ. ಒಳಗೆ ಹೋಗಿ ಗಂಡನಿಗೆ ಹೇಳಿದರೆ ಅವನು ಕಿವಿಗೊಡುವುದಿಲ್ಲ. ಸತ್ತವರು ಹೀಗೆ ಹೊರಗೆ ಬರುವುದಿಲ್ಲ, ನಮ್ಮ ಮನಸ್ಸಾಕ್ಷಿಯ ಭಾರವನ್ನು ನಮಗೆ ಹೊರಲಾಗುತ್ತಿಲ್ಲ, ಅಷ್ಟೇ ಎಂಬುದು ಅವನ ತೀರ್ಮಾನ. ಆದರೆ ಎರಡು ರಾತ್ರಿ ಕಳೆದ ಮೇಲೆ ಅವಳಿಗೆ ಅದೇ ಪ್ರುದೆನ್ಸಿಯೊ ಬಚ್ಚಲಿನಲ್ಲಿ ಕಾಣಿಸುತ್ತಾನೆ, ಕತ್ತಿನ ಮೇಲೆ ಹೆಪ್ಪುಗಟ್ಟಿದ ರಕ್ತವನ್ನು ಆ ನಾರಿನಿಂದಲೇ ತೊಳೆದುಕೊಳ್ಳುತ್ತಿರುತ್ತಾನೆ.

ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ 1967ರಲ್ಲಿ ಪ್ರಕಟಿಸಿದ ‘ಒಂದು ನೂರು ವರ್ಷಗಳ ಏಕಾಂತ’ ಕಾದಂಬರಿಯ ಎರಡನೆಯ ಅಧ್ಯಾಯದಲ್ಲಿ ಬರುವ ಪ್ರಸಂಗ ಇದು. ಮಾಂತ್ರಿಕ ವಾಸ್ತವವಾದದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಕೃತಿಯೂ ಇದೇ ಆಗಿರುವುದರಿಂದ, ದೆವ್ವವನ್ನೂ ಪವಾಡವನ್ನೂ ಇಂಥ ಕಾದಂಬರಿ ಯಾಕೆ ದಿನನಿತ್ಯದ ಸಂಗತಿಯಂತೆ ಹೇಳುತ್ತದೆ ಎಂಬ ಪ್ರಶ್ನೆಯನ್ನು ನಾನು ಇದೊಂದರಲ್ಲಿಯೇ ಹಿಡಿದು ನೋಡಲು ಬಯಸುತ್ತೇನೆ. ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದಿದೆ: ಕೊಲಂಬಿಯಾದ ಕೆರಿಬಿಯನ್ ಕರಾವಳಿಯ ಜನ ಇಂಥದ್ದನ್ನೆಲ್ಲ ನಂಬುತ್ತಿದ್ದರು, ಲೇಖಕ ಅವರ ನಂಬಿಕೆಯನ್ನು ಇದ್ದಂತೆಯೇ ಬರೆದಿದ್ದಾನೆ. ಈ ಉತ್ತರ ಸುಳ್ಳಲ್ಲ, ಆದರೆ ಅದು ತೀರಾ ಸಾಲದು. ಯಾಕೆಂದರೆ ಮಕೊಂಡೊ ಎಂಬ ಆ ಊರಿನ ಜನ ಎಲ್ಲವನ್ನೂ ನಂಬುವವರಲ್ಲ. ಕಾದಂಬರಿಯ ಉದ್ದಕ್ಕೂ ಅವರು ಕೆಲವನ್ನು ನಂಬುತ್ತಾರೆ, ಕೆಲವನ್ನು ಖಡಾಖಂಡಿತವಾಗಿ ನಿರಾಕರಿಸುತ್ತಾರೆ. ಯಾವುದನ್ನು ನಂಬುತ್ತಾರೆ, ಯಾವುದನ್ನು ನಂಬುವುದಿಲ್ಲ ಎಂಬುದನ್ನು ಗಮನಿಸಿದರೆ ಮಾತ್ರ ಆ ಸಮಾಜದ ಚಿತ್ರ ತೆರೆದುಕೊಳ್ಳುತ್ತದೆ.

ಪ್ರುದೆನ್ಸಿಯೊನ ಕತೆಗೇ ಮರಳುತ್ತೇನೆ. ಹೆಂಡತಿಯ ಭ್ರಮೆಗಳಿಂದ ಬೇಸತ್ತ ಹೊಸೆ ಅರ್ಕಾದಿಯೊ ಬುಯೆಂದಿಯಾ ಒಂದು ರಾತ್ರಿ ಈಟಿ ಹಿಡಿದು ಅಂಗಳಕ್ಕೆ ಇಳಿಯುತ್ತಾನೆ. ಸತ್ತವನು ಅಲ್ಲಿಯೇ ಇದ್ದಾನೆ. ನೀನು ಎಷ್ಟು ಸಲ ಬಂದರೂ ಅಷ್ಟು ಸಲ ಕೊಲ್ಲುತ್ತೇನೆ ಎಂದು ಇವನು ಕೂಗುತ್ತಾನೆ. ಸತ್ತವನು ಹೋಗುವುದಿಲ್ಲ, ಈಟಿ ಎಸೆಯಲು ಇವನಿಗೂ ಧೈರ್ಯ ಬರುವುದಿಲ್ಲ. ಅಂದಿನಿಂದ ಇವನ ನಿದ್ದೆ ಕೆಡುತ್ತದೆ. ಮಳೆಯಲ್ಲಿ ನಿಂತು ತನ್ನನ್ನು ನೋಡಿದ ಆ ಕಣ್ಣುಗಳ ಒಂಟಿತನ, ಬದುಕಿರುವವರ ಮೇಲೆ ಅವನಿಗಿದ್ದ ಹಂಬಲ, ತನ್ನ ನಾರಿನ ಬೆಣೆಯನ್ನು ಒದ್ದೆ ಮಾಡಿಕೊಳ್ಳಲು ಮನೆಯೆಲ್ಲ ನೀರಿಗಾಗಿ ಹುಡುಕುವ ಅವನ ತಳಮಳ, ಇವೇ ಇವನನ್ನು ಕಾಡತೊಡಗುತ್ತವೆ. ಮುಂದೆ ಒಂದು ದಿನ ಸತ್ತವನು ಒಲೆಯ ಮೇಲಿನ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿರುವುದನ್ನು ಕಂಡ ಉರ್ಸುಲಾಗೆ ಅವನು ಏನನ್ನು ಹುಡುಕುತ್ತಿದ್ದಾನೆಂದು ಹೊಳೆಯುತ್ತದೆ. ಅಂದಿನಿಂದ ಅವಳು ಮನೆಯ ತುಂಬ ಅಲ್ಲಲ್ಲಿ ನೀರಿನ ಬೋಗುಣಿಗಳನ್ನು ಇಡುತ್ತಾಳೆ.

ಈ ಬೋಗುಣಿಗಳ ಬಳಿ ಸ್ವಲ್ಪ ನಿಲ್ಲಬೇಕು. ಸಾಮಾನ್ಯ ದೆವ್ವದ ಕತೆಯಲ್ಲಿ ದೆವ್ವ ಬಂದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ: ಇದು ನಿಜವೋ ಭ್ರಮೆಯೋ? ಕತೆಯ ಕುತೂಹಲವೆಲ್ಲ ಆ ಪ್ರಶ್ನೆಯ ಸುತ್ತಲೇ ಬೆಳೆಯುತ್ತದೆ. ಇಲ್ಲಿ ಗಂಡ ಆ ಪ್ರಶ್ನೆಯನ್ನು ಎತ್ತಿಯೇ ಎತ್ತುತ್ತಾನೆ, ಆದರೆ ಉರ್ಸುಲಾ ನೀರು ತುಂಬಿಸಿ ಬೋಗುಣಿಗಳನ್ನು ಇಟ್ಟ ಕ್ಷಣಕ್ಕೆ ಅದು ಅಪ್ರಸ್ತುತವಾಗಿಬಿಡುತ್ತದೆ. ಈಗ ಉಳಿದಿರುವ ಪ್ರಶ್ನೆ ಬೇರೆಯದು: ಸತ್ತವನಿಗೆ ಬದುಕಿರುವವರಿಂದ ಏನು ಸಲ್ಲಬೇಕು? ಕೊಲೆಯಾದಾಗ ಊರು ಅದನ್ನು ಮಾನಕ್ಕಾಗಿ ನಡೆದ ದ್ವಂದ್ವಯುದ್ಧವೆಂದು ತೀರ್ಮಾನಿಸಿ ಕೈತೊಳೆದುಕೊಂಡಿತ್ತು. ಅಂದರೆ ಕಾನೂನಿನ ಲೆಕ್ಕದಲ್ಲಿ ಸಾಲ ತೀರಿಹೋಗಿತ್ತು. ಆ ಲೆಕ್ಕವನ್ನು ಮುಚ್ಚಲು ಬಿಡದೆ ತೆರೆದಿಟ್ಟವನು ಪ್ರೇತ. ಕೊನೆಗೆ ಹೊಸೆ ಅರ್ಕಾದಿಯೊ, ಪ್ರುದೆನ್ಸಿಯೊನನ್ನು ಹೆಸರು ಹಿಡಿದು ಕರೆದು, ನಾವು ಈ ಊರು ಬಿಟ್ಟು ಆದಷ್ಟು ದೂರ ಹೋಗುತ್ತೇವೆ, ಇನ್ನು ಬರುವುದಿಲ್ಲ, ನೀನು ನೆಮ್ಮದಿಯಿಂದ ಹೋಗು ಎನ್ನುತ್ತಾನೆ. ಹೊರಡುವ ಮುಂಚೆ ಆ ಈಟಿಯನ್ನು ಅಂಗಳದಲ್ಲಿ ಹೂಳುತ್ತಾನೆ, ತನ್ನ ಒಳ್ಳೊಳ್ಳೆಯ ಅಂಕದ ಹುಂಜಗಳ ಕತ್ತನ್ನು ಒಂದೊಂದಾಗಿ ಕತ್ತರಿಸುತ್ತಾನೆ. ಮಕೊಂಡೊ ಎಂಬ ಊರು ಹುಟ್ಟುವುದು ಹೀಗೆ, ಒಬ್ಬ ಸತ್ತವನಿಗೆ ಕೊಟ್ಟ ಮಾತಿನಿಂದ.

ಇದರ ಹಿಂದೆ ಲೇಖಕರ ಮನೆತನದ ಒಂದು ಸಂಗತಿ ಇದೆ. ಅವರ ಅಜ್ಜ, ಅಂದರೆ ತಾಯಿಯ ತಂದೆ, ನಿಕೊಲಾಸ್ ಮಾರ್ಕ್ವೆಜ್ 1899ರಿಂದ 1902ರವರೆಗೆ ನಡೆದ ಸಾವಿರ ದಿನಗಳ ಯುದ್ಧದಲ್ಲಿ ಉದಾರವಾದಿಗಳ ಪರ ಹೋರಾಡಿದ ಕರ್ನಲ್. 1908ರಲ್ಲಿ ಬರಂಕಾಸ್ ಎಂಬ ಊರಿನಲ್ಲಿ ಮಾನದ ಜಗಳವೊಂದರಲ್ಲಿ ಅವರು ಮೆದಾರ್ದೊ ಪಚೇಕೊ ಎಂಬವನನ್ನು ಗುಂಡಿಕ್ಕಿ ಕೊಂದರು. ಅದರ ನಂತರ ಕುಟುಂಬ ಆ ಊರನ್ನು ತೊರೆದು ಕೊನೆಗೆ ಅರಕತಾಕದಲ್ಲಿ ನೆಲೆಸಿತು. ಗಾರ್ಸಿಯಾ ಮಾರ್ಕ್ವೆಜ್ ಹುಟ್ಟಿದ್ದು ಅಲ್ಲಿಯೇ, 1927ರಲ್ಲಿ. ಸತ್ತವನೊಬ್ಬ ಎಷ್ಟು ಭಾರವಿರುತ್ತಾನೆಂದು ನಿನಗೆ ತಿಳಿಯದು ಎಂದು ಅಜ್ಜ ಮೊಮ್ಮಗನಿಗೆ ಹೇಳುತ್ತಿದ್ದರಂತೆ. ಆ ಮಾತಿನ ಭಾರವೇ ಕಾದಂಬರಿಯಲ್ಲಿ ಗಂಟಲಲ್ಲಿ ತೂತಿರುವ, ಬಾಯಾರಿದ, ಪಾತ್ರೆಗಳ ಮುಚ್ಚಳ ತೆಗೆದು ನೋಡುವ ಮನುಷ್ಯನಾಗಿದೆ.

ಅದೇ ಮನೆಯಲ್ಲಿ ಅಜ್ಜಿ ಇದ್ದರು, ತ್ರಾಂಕಿಲಿನಾ ಇಗುವರಾನ್. ಅತ್ಯಂತ ಅಸಂಭವವಾದ ಸಂಗತಿಗಳನ್ನೂ ಅವರು ಮುಖದಲ್ಲಿ ಒಂದು ಗೆರೆಯೂ ಕದಲದಂತೆ, ಈಗಷ್ಟೇ ಕಣ್ಣಾರೆ ಕಂಡು ಬಂದವರಂತೆ ಹೇಳುತ್ತಿದ್ದರೆಂದು ಮೊಮ್ಮಗ ಹಲವು ಕಡೆ ನೆನೆದಿದ್ದಾರೆ. ಈ ಕಾದಂಬರಿಯನ್ನು ಬರೆಯಲು ಮೊದಮೊದಲು ಮಾಡಿದ ಯತ್ನಗಳಲ್ಲಿ ತಾವು ಹೇಳುತ್ತಿದ್ದುದನ್ನು ತಾವೇ ನಂಬದೆ ಹೇಳುತ್ತಿದ್ದೆವು, ಅಜ್ಜಿಯ ಹಾಗೆ ನಂಬಿ ಅದೇ ಮುಖಭಾವದಲ್ಲಿ ಬರೆಯಬೇಕೆಂದು ತಿಳಿದ ಮೇಲೆಯೇ ಕಾದಂಬರಿ ಕೈಗೆ ಬಂತು ಎಂದೂ ಅವರು ಹೇಳಿದ್ದಾರೆ. ಪತ್ರಕರ್ತರಾಗಿ ಕಲಿತ ಒಂದು ಉಪಾಯವೂ ಅವರಿಗೆ ನೆರವಾಯಿತು. ಆನೆಗಳು ಆಕಾಶದಲ್ಲಿ ಹಾರುತ್ತಿವೆ ಎಂದರೆ ಯಾರೂ ನಂಬುವುದಿಲ್ಲ, 425 ಆನೆಗಳು ಹಾರುತ್ತಿವೆ ಎಂದರೆ ಬಹುಶಃ ನಂಬುತ್ತಾರೆ ಎಂಬುದು ಸಂದರ್ಶನವೊಂದರಲ್ಲಿ ಅವರು ಕೊಟ್ಟ ಉದಾಹರಣೆ. ಕಾದಂಬರಿಯಲ್ಲಿ ಫಾದರ್ ನಿಕನೊರ್ ಬಿಸಿ ಚಾಕೊಲೇಟ್ ಕುಡಿದು ನೆಲದಿಂದ ಮೇಲೇಳುವುದು ಸರಿಯಾಗಿ 12 ಸೆಂಟಿಮೀಟರ್.

ಆ ಪಾದ್ರಿಯ ಪ್ರಸಂಗ ಇನ್ನೊಂದು ಕಾರಣಕ್ಕೂ ಮುಖ್ಯ. ಅವನು ಮೇಲೇಳುವುದು ಚರ್ಚು ಕಟ್ಟಲು ಹಣ ಕೂಡಿಸುವುದಕ್ಕಾಗಿ. ಮನೆಮನೆಗೆ ಹೋಗಿ ಚಾಕೊಲೇಟ್ ಕುಡಿದು ಮೇಲೇಳುತ್ತಾನೆ, ಜೊತೆಗಿದ್ದ ಹುಡುಗ ಚೀಲದಲ್ಲಿ ನಾಣ್ಯಗಳನ್ನು ಸಂಗ್ರಹಿಸುತ್ತಾನೆ. ಅಷ್ಟು ಹೊತ್ತಿಗೆ ಮತಿಗೆಟ್ಟು ಅಂಗಳದ ಮರಕ್ಕೆ ಕಟ್ಟಿಹಾಕಲ್ಪಟ್ಟಿದ್ದ ಹೊಸೆ ಅರ್ಕಾದಿಯೊ ಬುಯೆಂದಿಯಾ ಒಬ್ಬನೇ ಇದನ್ನು ಒಪ್ಪುವುದಿಲ್ಲ. ಪಾದ್ರಿ ಮೇಲೇಳುವುದನ್ನು ಅವನು ಅಲ್ಲಗಳೆಯುವುದಿಲ್ಲ. ಈ ಮನುಷ್ಯ ದ್ರವ್ಯದ ನಾಲ್ಕನೆಯ ಸ್ಥಿತಿಯನ್ನು ಕಂಡುಹಿಡಿದಿದ್ದಾನೆ, ಅಷ್ಟೇ ಎಂದು ಲ್ಯಾಟಿನ್ ಭಾಷೆಯಲ್ಲಿ ವಾದಿಸುತ್ತಾನೆ. ದೇವರಿದ್ದಾನೆಂಬುದಕ್ಕೆ ಇದು ಪುರಾವೆಯಲ್ಲ, ದೇವರ ಫೋಟೋ ತೋರಿಸಿದರೆ ಮಾತ್ರ ಪುರಾವೆ ಎನ್ನುತ್ತಾನೆ. ಪವಾಡ ನಡೆಯಿತೋ ಇಲ್ಲವೋ ಎಂಬುದು ಇಲ್ಲಿ ಯಾರ ತಕರಾರೂ ಅಲ್ಲ. ಅದನ್ನು ಯಾರು ಯಾವುದಕ್ಕೆ ಸಾಕ್ಷಿಯಾಗಿ ಬಳಸುತ್ತಾರೆ, ಅದರಿಂದ ಯಾರಿಗೆ ಏನು ಸಿಗುತ್ತದೆ ಎಂಬುದು ತಕರಾರು. ಪವಾಡವನ್ನು ಸಾಮಾನ್ಯವೆಂಬಂತೆ ಹೇಳುವುದರಿಂದ ಕಾದಂಬರಿಗೆ ಆಗುವ ದೊಡ್ಡ ಅನುಕೂಲ ಇದೇ ಎಂದು ನನಗೆ ಅನ್ನಿಸುತ್ತದೆ. ನಡೆಯಿತೇ ಎಂಬ ಪ್ರಶ್ನೆಯನ್ನು ದಾರಿಯಿಂದ ಸರಿಸಿದ ಮೇಲೆ, ಅದರ ಸುತ್ತಲಿನ ಜನರ ಆಸೆ, ಲೆಕ್ಕಾಚಾರ, ಅಧಿಕಾರಗಳೆಲ್ಲ ಮರೆಯಿಲ್ಲದೆ ಕಾಣತೊಡಗುತ್ತವೆ.

ಹಾಗಾದರೆ ಮಕೊಂಡೊದ ಜನ ಯಾವುದಕ್ಕೆ ಬೆರಗಾಗುತ್ತಾರೆ? ಮಂಜುಗಡ್ಡೆಗೆ. ಅಯಸ್ಕಾಂತಕ್ಕೆ. ಫೋನಿಗೆ, ರೈಲಿಗೆ. ಸಿನಿಮಾ ಬಂದಾಗ ಅವರು ಸಿಟ್ಟಿಗೇಳುತ್ತಾರೆ. ಒಂದು ಚಿತ್ರದಲ್ಲಿ ಸತ್ತು ಹೂಳಲ್ಪಟ್ಟವನಿಗಾಗಿ ಮನಸಾರೆ ಅತ್ತಿದ್ದ ಜನಕ್ಕೆ, ಅವನೇ ಮುಂದಿನ ಚಿತ್ರದಲ್ಲಿ ಅರಬನ ವೇಷದಲ್ಲಿ ಜೀವಂತವಾಗಿ ಓಡಾಡುವುದನ್ನು ಸಹಿಸಲಾಗುವುದಿಲ್ಲ, ಅವರು ಕುರ್ಚಿಗಳನ್ನು ಮುರಿದು ಹಾಕುತ್ತಾರೆ. ಅದು ಬರೀ ಮಾಯೆಯ ಯಂತ್ರ, ಅದಕ್ಕಾಗಿ ಇಷ್ಟೊಂದು ಭಾವಾವೇಶ ಬೇಡ ಎಂದು ಊರಿನ ಅಧಿಕಾರಿ ಸಾರಿ ಹೇಳಿಸಿದ ಮೇಲೆ, ನಮ್ಮ ದುಃಖಗಳೇ ನಮಗೆ ಸಾಕಷ್ಟಿರುವಾಗ ಇಲ್ಲದವರ ಸುಳ್ಳು ಸಂಕಟಗಳಿಗೆ ಯಾಕೆ ಅಳಬೇಕು ಎಂದು ಅವರು ಸಿನಿಮಾಕ್ಕೆ ಹೋಗುವುದನ್ನೇ ಬಿಡುತ್ತಾರೆ. ಈ ಪುಟಗಳನ್ನು ನಗೆಯ ಸಲುವಾಗಿ ಓದಿ ಮುಂದೆ ಹೋಗುವುದು ಸುಲಭ. ಆದರೆ ಆ ಸಿಟ್ಟಿನಲ್ಲಿ ಒಂದು ನ್ಯಾಯವಿದೆ. ಪ್ರುದೆನ್ಸಿಯೊ ಸತ್ತ ಮೇಲೂ ಬಂದದ್ದು ಅವನ ಸಾವಿಗೆ ಅರ್ಥವಿದ್ದುದರಿಂದ, ಅದಕ್ಕೆ ಯಾರೋ ಹೊಣೆಯಾಗಿದ್ದುದರಿಂದ. ಪರದೆಯ ಮೇಲಿನವನು ಮರಳಿ ಬಂದದ್ದು ಅವನ ಸಾವಿಗೆ ಯಾವ ಅರ್ಥವೂ ಇರಲಿಲ್ಲವಾದ್ದರಿಂದ. ಸತ್ತವರೊಡನೆ ಋಣಸಂಬಂಧ ಇಟ್ಟುಕೊಂಡ ಜನಕ್ಕೆ ಎರಡನೆಯದು ಅವಮಾನವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇಷ್ಟಕ್ಕೂ ಮಂಜುಗಡ್ಡೆ, ರೈಲು, ಸಿನಿಮಾಗಳೆಲ್ಲ ಹೊರಗಿನಿಂದ, ಬೇರೆಯವರ ಕೈಯಲ್ಲಿ, ಬೆಲೆ ಕಟ್ಟಿಸಿಕೊಂಡು ಬಂದವು. ದೆವ್ವಗಳು ಮನೆಯವು.

ಒಳಗಿನವರ ಕಣ್ಣು ಮತ್ತು ಹೊರಗಿನವರ ಕಣ್ಣು ಒಂದೇ ಘಟನೆಯ ಮೇಲೆ ಬೀಳುವುದು ಬುಯೆಂದಿಯಾ ಮನೆತನದ ಹುಡುಗಿ ಸುಂದರಿ ರೆಮೆದಿಯೋಸ್ ಸ್ವರ್ಗಕ್ಕೆ ಏರುವ ಪ್ರಸಂಗದಲ್ಲಿ. ತೋಟದಲ್ಲಿ ಹೆಂಗಸರು ಮನೆಯ ಸೊಸೆ ಫೆರ್ನಾಂಡಾಳ ಹೊದಿಕೆ ಬಟ್ಟೆಗಳನ್ನು ಮಡಿಸುತ್ತಿದ್ದಾರೆ. ಬೆಳಕಿನಂಥ ನವಿರಾದ ಗಾಳಿಯೊಂದು ಬೀಸಿ ಬಟ್ಟೆಗಳು ಹರಡಿಕೊಳ್ಳುತ್ತವೆ, ರೆಮೆದಿಯೋಸ್ ಅವುಗಳೊಂದಿಗೆ ಮೇಲಕ್ಕೆ ಏರತೊಡಗುತ್ತಾಳೆ, ಕೈಬೀಸಿ ಬೀಳ್ಕೊಡುತ್ತ ಕಣ್ಮರೆಯಾಗುತ್ತಾಳೆ. ಆಮೇಲೆ ಏನಾಯಿತೆಂಬುದನ್ನು ಕಾದಂಬರಿ ಎಷ್ಟು ಚೊಕ್ಕವಾಗಿ ಹೇಳುತ್ತದೆಂದರೆ, ಒಂದು ಸಮಾಜದ ಕಿರುಚಿತ್ರವೇ ಅಲ್ಲಿ ಸಿಗುತ್ತದೆ. ಪರವೂರಿನಿಂದ ಬಂದವರು, ಹುಡುಗಿ ಯಾರೊಡನೆಯೋ ಜಾರಿದ್ದಾಳೆ, ಮನೆಯವರು ಮಾನ ಉಳಿಸಿಕೊಳ್ಳಲು ಹಾರಿಹೋದ ಕತೆ ಕಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಊರಿನವರಲ್ಲಿ ಹೆಚ್ಚಿನವರು ನಂಬಿ ಮೇಣದ ಬತ್ತಿ ಹಚ್ಚುತ್ತಾರೆ. ಫೆರ್ನಾಂಡಾ ಹೊಟ್ಟೆಕಿಚ್ಚಿನಲ್ಲಿ ಬೇಯುತ್ತ, ಕೊನೆಗೆ ಪವಾಡವನ್ನು ಒಪ್ಪಿಕೊಂಡು, ತನ್ನ ಬಟ್ಟೆಗಳನ್ನು ವಾಪಸು ಕೊಡು ಎಂದು ಬಹುಕಾಲ ದೇವರನ್ನು ಬೇಡುತ್ತಾಳೆ.

ಪರವೂರಿನವರ ಅನುಮಾನ ಲೇಖಕರು ಸುಮ್ಮನೆ ಸೇರಿಸಿದ್ದಲ್ಲ. ಮೊಮ್ಮಗಳು ಓಡಿಹೋದದ್ದನ್ನು ಮರೆಮಾಚಲು ಅವಳು ಸ್ವರ್ಗಕ್ಕೆ ಏರಿದಳೆಂದು ಹಬ್ಬಿಸಿದ ಒಬ್ಬ ಹೆಂಗಸಿನ ಕತೆಯೇ ಈ ಪ್ರಸಂಗಕ್ಕೆ ಮೂಲವೆಂದು ಅವರು ಗೆಳೆಯ ಪ್ಲಿನಿಯೊ ಅಪುಲೆಯೊ ಮೆಂದೊಸಾ ಅವರೊಡನೆ ನಡೆಸಿದ ಮಾತುಕತೆಯಲ್ಲಿ ತಿಳಿಸಿದ್ದಾರೆ. ಹುಡುಗಿಯನ್ನು ಮೇಲೇರಿಸುವುದು ಹೇಗೆಂದು ತೋಚದೆ ಕುಳಿತಿದ್ದಾಗ, ಗಾಳಿಗೆ ಹಾರಿಹೋಗುತ್ತಿದ್ದ ಬಟ್ಟೆಗಳೊಡನೆ ಹೆಣಗಾಡುತ್ತ ಒಣಹಾಕುತ್ತಿದ್ದ ಹೆಂಗಸನ್ನು ಕಂಡು ದಾರಿ ಹೊಳೆಯಿತೆಂದೂ ಹೇಳಿದ್ದಾರೆ. ಅಂದರೆ ಪವಾಡದ ಸಮಾಜಶಾಸ್ತ್ರೀಯ ವಿವರಣೆ ಲೇಖಕರಿಗೆ ಚೆನ್ನಾಗಿ ಗೊತ್ತಿತ್ತು. ಓಡಿಹೋಗುವ ಹೆಣ್ಣಿಗೆ ಆ ಸಮಾಜದಲ್ಲಿ ಗೌರವದ ಬೇರೆ ದಾರಿಯೇ ಇರಲಿಲ್ಲ ಎಂಬುದೂ ಗೊತ್ತಿತ್ತು. ಅವರು ಆ ವಿವರಣೆಯನ್ನು ಅಡಗಿಸಿಡದೆ ಕಾದಂಬರಿಯೊಳಗೇ ತಂದು, ಆದರೆ ಅದನ್ನು ಊರಿಗೆ ಹೊಸಬರಾದವರ ಬಾಯಿಗೆ ಕೊಟ್ಟರು. ಮಕೊಂಡೊದಲ್ಲಿ ಬಾಳೆ ಬೆಳೆಯಲು ಹೊರಗಿನಿಂದ ಬಂದ ಕಂಪನಿಯ ಬೆನ್ನಿಗೇ ಬಂದ ಜನ ಅವರು. ಅವರ ವಿವೇಕ ಸರಿಯಿರಬಹುದು, ಆದರೆ ಆ ವಿವೇಕದಲ್ಲಿ ಹುಡುಗಿಯ ಮೇಲೆ ಎಳ್ಳಷ್ಟೂ ಅಕ್ಕರೆಯಿಲ್ಲ.

ಈ ಬಗೆಯ ಎರಡು ನೋಟಗಳನ್ನು ಅದಕ್ಕೂ ಮೊದಲೇ ಎದುರುಬದುರು ನಿಲ್ಲಿಸಿದವರು ಕ್ಯೂಬಾದ ಅಲೆಹೊ ಕಾರ್ಪೆಂತಿಯೆರ್. ಹೈಟಿಯ ಗುಲಾಮರ ದಂಗೆಯನ್ನು ಕುರಿತ ಅವರ 1949ರ ಕಾದಂಬರಿಯಲ್ಲಿ, 1758ರಲ್ಲಿ ಸುಡಲ್ಪಟ್ಟ ಬಂಡಾಯಗಾರ ಮಕಂದಾಲ್ ಕಟ್ಟು ಬಿಚ್ಚಿಕೊಂಡು ಹಾರಿಹೋದನೆಂದು ಗುಲಾಮರು ಹರ್ಷದಿಂದ ಮರಳುತ್ತಾರೆ, ಸೈನಿಕರು ಅವನನ್ನು ಮತ್ತೆ ಹಿಡಿದು ಬೆಂಕಿಗೆ ನೂಕಿದ್ದನ್ನು ಕಂಡವರು ಬಹಳ ಕಡಿಮೆ. ಎರಡೂ ನೋಟಗಳನ್ನು ಓದುಗನಿಗೆ ತೋರಿಸುವುದರಿಂದ ಗುಲಾಮರ ನಂಬಿಕೆ ಅಜ್ಞಾನವಾಗಿ ಕಾಣುವುದಿಲ್ಲ. ಮುಂದಿನ ದಂಗೆಗೆ ಅದೇ ಬಲವಾಯಿತೆಂಬುದು ಇತಿಹಾಸ.

ಇಷ್ಟೆಲ್ಲ ನಂಬುವ ಮಕೊಂಡೊ ಒಂದನ್ನು ಮಾತ್ರ ನಂಬುವುದಿಲ್ಲ. ಈ ಬರಹವನ್ನು ನಾನು ಬರೆಯುತ್ತಿರುವುದೇ ಅದಕ್ಕಾಗಿ.

1928ರ ನವೆಂಬರ್ 12ರಂದು ಕೊಲಂಬಿಯಾದ ಮಗ್ದಲೇನಾ ಪ್ರಾಂತ್ಯದ ಬಾಳೆ ತೋಟಗಳಲ್ಲಿ ಮುಷ್ಕರ ಶುರುವಾಯಿತು. ತೋಟಗಳು ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯ ಹಿಡಿತದಲ್ಲಿದ್ದವು. ಕಾರ್ಮಿಕರು ಮುಂದಿಟ್ಟದ್ದು ಒಂಬತ್ತು ಬೇಡಿಕೆಗಳು. ವಾರಕ್ಕೊಂದು ರಜೆ ಬೇಕು, ಕೂಲಿ ಹೆಚ್ಚಬೇಕು, ಕಂಪನಿಯ ಅಂಗಡಿಗಳಲ್ಲಷ್ಟೇ ನಡೆಯುವ ಚೀಟಿಗಳ ಬದಲು ನಗದು ಸಿಗಬೇಕು ಎಂಬಂಥವು ಅವು. ಕಂಪನಿ ಕೊಟ್ಟ ಉತ್ತರ ಸರಳವಾಗಿತ್ತು: ಇವರು ನಮ್ಮ ಕೆಲಸಗಾರರೇ ಅಲ್ಲ, ಗುತ್ತಿಗೆದಾರರು ಕರೆತಂದವರು. ಡಿಸೆಂಬರ್ 6ರ ನಸುಕಿಗೂ ಮೊದಲೇ ಸಿಯೆನಗಾ ಊರಿನ ರೈಲು ನಿಲ್ದಾಣದ ಬಳಿಯ ಚೌಕದಲ್ಲಿ ನೆರೆದಿದ್ದ ಜನರ ಮೇಲೆ ಜನರಲ್ ಕಾರ್ಲೊಸ್ ಕೊರ್ತೆಸ್ ವರ್ಗಾಸ್‌ನ ಸೈನಿಕರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಜನರಲ್ ಒಪ್ಪಿಕೊಂಡದ್ದು 47. ಅಮೆರಿಕದ ರಾಯಭಾರಿ 1929ರ ಜನವರಿಯಲ್ಲಿ ತನ್ನ ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ, ಕಂಪನಿಯ ಪ್ರತಿನಿಧಿಯ ಮಾತನ್ನು ಉಲ್ಲೇಖಿಸಿ, ಸಂಖ್ಯೆ 1000ವನ್ನು ಮೀರಿದೆ ಎಂದಿತ್ತು. ಯುವ ವಕೀಲ ಹೋರ್ಹೆ ಎಲಿಯೆಸೆರ್ ಗೈತಾನ್ ಅದೇ ವರ್ಷ ಸಂಸತ್ತಿನಲ್ಲಿ ಈ ಹತ್ಯೆಯನ್ನು ಎತ್ತಿ ಸರ್ಕಾರವನ್ನು ದಿನಗಟ್ಟಲೆ ತರಾಟೆಗೆ ತೆಗೆದುಕೊಂಡರು.

ಕಾದಂಬರಿಯಲ್ಲಿ ಇದೆಲ್ಲವೂ ಬರುತ್ತದೆ, ಬಹುಪಾಲು ಹೆಸರು ಸಮೇತ ಬರುತ್ತದೆ. ಮುಷ್ಕರ ಹೂಡಿದವರನ್ನು ಪುಂಡರ ಗುಂಪೆಂದು ಘೋಷಿಸಿದ ನಾಲ್ಕನೆಯ ಸಂಖ್ಯೆಯ ಆದೇಶ ಇದೆ, ಅದಕ್ಕೆ ಸಹಿ ಹಾಕಿದ ಜನರಲ್‌ನ ನಿಜವಾದ ಹೆಸರೇ ಇದೆ. ಇಲ್ಲಿ ಗಮನಿಸಬೇಕಾದದ್ದು ಮಾಂತ್ರಿಕತೆ ಯಾರ ಕಡೆಗೆ ಸರಿಯುತ್ತದೆ ಎಂಬುದನ್ನು. ಕಂಪನಿಯ ಮುಖ್ಯಸ್ಥ ಬ್ರೌನ್ ಒಪ್ಪಂದಕ್ಕೆ ಹಾಕಿದ ಸಹಿಯನ್ನು ಅನೂರ್ಜಿತಗೊಳಿಸಲು ವಕೀಲರು, ಅವನು ಬ್ರೌನ್ ಅಲ್ಲವೇ ಅಲ್ಲ, ಮಕೊಂಡೊದಲ್ಲಿಯೇ ಹುಟ್ಟಿ ಔಷಧಿಯ ಗಿಡಗಳನ್ನು ಮಾರುತ್ತಿದ್ದ ದಗೊಬೆರ್ತೊ ಫೊನ್ಸೆಕಾ ಎಂದು ಸಾಧಿಸಿ ತೋರಿಸುತ್ತಾರೆ. ಬಳಿಕ, ಕಂಪನಿಗೆ ಕಾರ್ಮಿಕರು ಈಗಲೂ ಇಲ್ಲ, ಹಿಂದೆಯೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ, ಇದ್ದವರೆಲ್ಲ ತಾತ್ಕಾಲಿಕವಾಗಿ ಬಂದುಹೋದವರು ಎಂದು ವಾದಿಸುತ್ತಾರೆ. ನ್ಯಾಯಾಲಯ ಅದನ್ನು ಎತ್ತಿಹಿಡಿದು, ಕಾರ್ಮಿಕರು ಅಸ್ತಿತ್ವದಲ್ಲಿಯೇ ಇಲ್ಲವೆಂದು ಗಂಭೀರವಾಗಿ ತೀರ್ಪು ಕೊಡುತ್ತದೆ. ಈ ವಕೀಲರನ್ನು ನಿರೂಪಕ ಇಂದ್ರಜಾಲಿಗರೆಂದೇ ಕರೆಯುತ್ತಾನೆ. ಹಾರುವ ಕಂಬಳಿಯ ಮೇಲೆ ಬಂದವರಿಗೂ ಸತ್ತು ಬದುಕಿದ ಜಿಪ್ಸಿ ಮೆಲ್ಕಿಯಾದೆಸ್‌ನಿಗೂ ಸಾಧ್ಯವಾಗದ ಮಾಯೆ ಇದು. ಮೂವತ್ತು ಸಾವಿರಕ್ಕೆ ಸಮೀಪದಷ್ಟು ಜನ ದುಡಿಯುತ್ತಿದ್ದ ತೋಟಗಳಲ್ಲಿ ಒಬ್ಬ ದುಡಿಮೆಗಾರನೂ ಇಲ್ಲವೆಂದು ವಾಸ್ತವದಲ್ಲಿಯೇ ವಾದಿಸಲಾಗಿತ್ತೆಂದು ನೆನೆದರೆ, ಇಲ್ಲಿ ಲೇಖಕರು ಉತ್ಪ್ರೇಕ್ಷಿಸಿದ್ದು ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ.

ಚೌಕದಲ್ಲಿ ಗುಂಡಿನ ಮಳೆಯಾದ ಮೇಲೆ, ಮೊದಲ ಹೊಸೆ ಅರ್ಕಾದಿಯೊನ ಮರಿಮಗನೂ ಮುಷ್ಕರದ ಮುಖಂಡರಲ್ಲಿ ಒಬ್ಬನೂ ಆದ ಹೊಸೆ ಅರ್ಕಾದಿಯೊ ಸೆಗುಂದೊ ಎಚ್ಚರಗೊಳ್ಳುವುದು ಕತ್ತಲ ರೈಲುಬೋಗಿಯೊಂದರಲ್ಲಿ, ಹೆಣಗಳ ಮೇಲೆ. ತಿರಸ್ಕೃತ ಬಾಳೆಗೊನೆಗಳನ್ನು ಹೇಗೋ ಹಾಗೆ ಹೆಣಗಳನ್ನು ಸಮುದ್ರಕ್ಕೆ ಎಸೆಯಲು ಒಯ್ಯುತ್ತಿರುವ, ಸುಮಾರು 200 ಬೋಗಿಗಳ ರೈಲು ಅದು. ಅವನು ಹಾರಿ ಇಳಿದು, ಸುರಿಯುವ ಮಳೆಯಲ್ಲಿ ನಡೆದು ಊರಿನ ಮೊದಲ ಮನೆಯೊಂದರ ಅಡಿಗೆಮನೆಗೆ ಬರುತ್ತಾನೆ. ಅಲ್ಲಿದ್ದ ಹೆಂಗಸು ಅವನನ್ನು ಬೆಚ್ಚಗೆ ಮಾಡಿ ಕಾಫಿ ಕೊಡುತ್ತಾಳೆ. ಮೂರು ಸಾವಿರ ಜನ ಇದ್ದಿರಬೇಕು ಎಂದು ಅವನು ಗೊಣಗುತ್ತಾನೆ. ಏನು ಮೂರು ಸಾವಿರ ಎಂದು ಅವಳು ಕೇಳುತ್ತಾಳೆ. ಸತ್ತವರು ಎನ್ನುತ್ತಾನೆ. ಅವಳು ಅವನನ್ನು ಮರುಕದಿಂದ ನೋಡಿ, ಇಲ್ಲಿ ಯಾರೂ ಸತ್ತಿಲ್ಲ, ನಿಮ್ಮ ಮನೆತನದ ಆ ಕರ್ನಲ್‌ನ ಕಾಲದ ನಂತರ ಮಕೊಂಡೊದಲ್ಲಿ ಏನೂ ಆಗಿಲ್ಲ ಎನ್ನುತ್ತಾಳೆ. ಮನೆ ಸೇರುವ ಮುಂಚೆ ಅವನು ಹೊಕ್ಕ ಮೂರು ಅಡಿಗೆಮನೆಗಳಲ್ಲಿಯೂ ಅದೇ ಉತ್ತರ ಸಿಗುತ್ತದೆ.

ಆ ಹೆಂಗಸಿನ ನೋಟದಲ್ಲಿಯೂ ಇರುವುದು ಕನಿಕರವೇ. ಉರ್ಸುಲಾ ಪ್ರುದೆನ್ಸಿಯೊನ ಪ್ರೇತವನ್ನು ಕಂಡದ್ದು ಅದೇ ಭಾವದಿಂದ. ಅಲ್ಲಿ ಕನಿಕರ ಸತ್ತವನಿಗೆ ಸಂದಿತು, ಇಲ್ಲಿ ಸತ್ತವರ ಸುದ್ದಿ ತಂದವನಿಗೆ, ಅವನು ಹುಚ್ಚನೆಂಬ ಕಾರಣಕ್ಕೆ, ಸಲ್ಲುತ್ತದೆ. ಅಲ್ಲಿ ಒಬ್ಬ ಸತ್ತವನಿಗಾಗಿ ಮನೆಯ ತುಂಬ ನೀರಿಟ್ಟಿದ್ದರು, ಇಲ್ಲಿ ಮೂರು ಸಾವಿರ ಜನಕ್ಕೆ ಸತ್ತವರೆಂಬ ಹೆಸರೂ ಉಳಿಯುವುದಿಲ್ಲ. ಈ ಮೂರು ಸಾವಿರದಲ್ಲಿ ಒಬ್ಬನೂ ಪ್ರೇತವಾಗಿ ಮರಳಿ ಬರುವುದಿಲ್ಲ ಎಂಬುದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ದೆವ್ವಗಳಿಗೆ ಇಷ್ಟು ಸಲೀಸಾಗಿ ಬಾಗಿಲು ತೆರೆಯುವ ಕಾದಂಬರಿ ಇವರಿಗೆ ಮಾತ್ರ ಮುಚ್ಚಿದ್ದು ಮರೆವಿನಿಂದ ಆಗಿರಲಾರದು. ಈ ಕತೆಯಲ್ಲಿ ಸತ್ತವನು ಮರಳಬೇಕಾದರೆ, ಕೊಂದದ್ದು ನಾನೇ ಎಂದು ಒಳಗೊಳಗೇ ಬಲ್ಲ ಒಬ್ಬ ಮನುಷ್ಯ, ಬಾಯಾರಿಕೆಯನ್ನು ಗುರುತಿಸಬಲ್ಲ ಒಂದು ಮನೆ ಇರಬೇಕು. ಆದೇಶದ ಮೂಲಕ, ಕಂಪನಿಯ ಮೂಲಕ, ತೀರ್ಪಿನ ಮೂಲಕ ನಡೆದ ಕೊಲೆಯಲ್ಲಿ ಯಾರ ಅಂಗಳಕ್ಕೆ ಹೋಗಿ ನಿಲ್ಲಬೇಕೆಂದು ಸತ್ತವರಿಗೇ ತಿಳಿಯುವುದಿಲ್ಲ.

ಸರ್ಕಾರ ಹೊರಡಿಸಿದ ಅಧಿಕೃತ ಹೇಳಿಕೆ ಕ್ರಮೇಣ ಎಲ್ಲರ ಮಾತಾಗುತ್ತದೆ: ಸತ್ತವರಿಲ್ಲ, ಕೆಲಸಗಾರರು ಸಂತೋಷದಿಂದ ಮನೆಗೆ ಹೋಗಿದ್ದಾರೆ, ಮಳೆ ನಿಲ್ಲುವವರೆಗೆ ಕಂಪನಿ ಕೆಲಸ ನಿಲ್ಲಿಸಿದೆ. ಮಳೆ 4 ವರ್ಷ 11 ತಿಂಗಳು 2 ದಿನ ಸುರಿಯುತ್ತದೆ. ಹಗಲು ಮಳೆ, ರಾತ್ರಿ ಸೈನಿಕರು ಮನೆಮನೆಗೆ ಬಂದು ಉಳಿದ ಮುಖಂಡರನ್ನು ಎಳೆದೊಯ್ಯುತ್ತಾರೆ. ತಮ್ಮವರ ಸುದ್ದಿ ಕೇಳಲು ಬಂದವರಿಗೆ ಅಧಿಕಾರಿಗಳು, ನೀವು ಕನಸು ಕಂಡಿರಬೇಕು, ಮಕೊಂಡೊದಲ್ಲಿ ಏನೂ ಆಗಿಲ್ಲ, ಆಗುತ್ತಲೂ ಇಲ್ಲ, ಇದು ಸುಖವಾಗಿರುವ ಊರು ಎನ್ನುತ್ತಾರೆ. ಮೆಲ್ಕಿಯಾದೆಸ್‌ನ ಹಳೆಯ ಕೋಣೆಯಲ್ಲಿ ಅಡಗಿದ ಸೆಗುಂದೊನನ್ನು ಹುಡುಕಿ ಬಂದ ಸೇನಾಧಿಕಾರಿ ಅವನು ಕುಳಿತ ಕಡೆಗೇ ನೇರವಾಗಿ ನೋಡಿದರೂ ಅವನನ್ನು ಕಾಣುವುದಿಲ್ಲ. ಪವಾಡವೊಂದು ಅವನ ಜೀವ ಉಳಿಸುತ್ತದೆ. ಆದರೆ ಅದೇ ಪವಾಡ, ಕಣ್ಣಿಗೆ ಬೀಳದಿರುವುದೆಂಬ ಆ ಶಿಕ್ಷೆಯನ್ನು, ಬದುಕಿ ಉಳಿದ ಸಾಕ್ಷಿಗೂ ವಿಧಿಸುತ್ತದೆ. ಮುಂದೆ ಶಾಲೆಯ ಪಠ್ಯಗಳಲ್ಲಿಯೂ ಬಾಳೆಯ ಕಂಪನಿ ಇರಲೇ ಇಲ್ಲವೆಂದು ಬರೆಯಲಾಗುತ್ತದೆ. ಸೆಗುಂದೊನಿಂದ ನಿಜವನ್ನು ಕಲಿತ ಹುಡುಗ ಅದನ್ನು ಹೇಳಿದಾಗ ಜನ ಅವನಿಗೆ ಭ್ರಮೆ ಹಿಡಿದಿದೆ ಎಂದುಕೊಳ್ಳುತ್ತಾರೆ.

ದೆವ್ವವನ್ನೂ ಪವಾಡವನ್ನೂ ಅಷ್ಟು ಪುಟಗಳ ಕಾಲ ಸಾಮಾನ್ಯವೆಂಬಂತೆ ಹೇಳಿದ್ದರ ಫಲ ಓದುಗನಿಗೆ ಸಿಗುವುದು ಇಲ್ಲಿ. ಇಷ್ಟು ಹೊತ್ತಿಗೆ ನಾವು ಹಾರುವ ಪಾದ್ರಿಯನ್ನು, ಏರಿಹೋದ ಹುಡುಗಿಯನ್ನು, ಬಾಯಾರಿದ ಪ್ರೇತವನ್ನು ಒಪ್ಪಿಕೊಂಡಿರುತ್ತೇವೆ. ಈಗ ಕಾದಂಬರಿಯಲ್ಲಿ ಇತಿಹಾಸಕ್ಕೆ ಅತ್ಯಂತ ಹತ್ತಿರವಾದ ಘಟನೆ ಬಂದಾಗ, ಊರಿಗೆ ಊರೇ ಅದನ್ನು ನಂಬಲಾಗದ್ದೆಂದು ತಳ್ಳಿಹಾಕುತ್ತದೆ. ನಂಬಿಕೆಯ ಗಡಿಯನ್ನು ಎಳೆದದ್ದು ಪ್ರಕೃತಿಯ ನಿಯಮಗಳಲ್ಲ, ಆದೇಶ ಹೊರಡಿಸುವ ಕೈ ಎಂಬುದು ಆ ಕ್ಷಣದಲ್ಲಿ ಮನದಟ್ಟಾಗುತ್ತದೆ. ಮೊದಲಿನಿಂದಲೂ ದೆವ್ವಗಳನ್ನು ಬೆರಗಿನಿಂದ, ಉದ್ಗಾರಗಳಿಂದ ಹೇಳಿದ್ದರೆ ಈ ತಿರುವು ಸಾಧ್ಯವೇ ಆಗುತ್ತಿರಲಿಲ್ಲ. ಬೆರಗು ಖರ್ಚಾಗಿಹೋಗಿರುತ್ತಿತ್ತು.

ಆದ್ದರಿಂದಲೇ ಈ ಶೈಲಿಯನ್ನು ಅನುಕರಿಸಿದ ಹಲವು ಬರಹಗಳು ನನಗೆ ಪೊಳ್ಳೆನಿಸುತ್ತವೆ. ಅವುಗಳಲ್ಲಿ ಚಿಟ್ಟೆಗಳು ಸುರಿಯುತ್ತವೆ, ಅಜ್ಜಿಯರು ತೇಲುತ್ತಾರೆ, ಆದರೆ ಅದರಿಂದ ಯಾರ ಕೆಲಸವೂ ಹೆಚ್ಚುವುದಿಲ್ಲ, ಯಾರ ಸಾಲವೂ ಏರುವುದಿಲ್ಲ. ಒಂದು ಕಾದಂಬರಿಯ ಪವಾಡ ಗಟ್ಟಿಯೋ ಅಲಂಕಾರವೋ ಎಂದು ತಿಳಿಯಲು, ಅದು ನಡೆದ ಮಾರನೆಯ ದಿನ ಆ ಮನೆಯಲ್ಲಿ ಏನು ಬದಲಾಯಿತೆಂದು ನೋಡಬೇಕು. ಬೋಗುಣಿಗಳಿಗೆ ನೀರು ತುಂಬುವವರು ಯಾರು, ಕಳೆದುಹೋದ ಬಟ್ಟೆಗಾಗಿ ಗೊಣಗುವವರು ಯಾರು ಎಂಬುದು ಅಲ್ಲಿರಬೇಕು. ಓದುವವರಿಂದಲೂ ಒಂದು ತಪ್ಪು ಆಗುವುದುಂಟು. ಲ್ಯಾಟಿನ್ ಅಮೆರಿಕ ಎಂದರೆ ಹೀಗೆಯೇ, ಅಲ್ಲಿ ಎಲ್ಲವೂ ವಿಚಿತ್ರ ಎಂದು ಸಂತೋಷಪಟ್ಟು ಪುಸ್ತಕ ಮುಚ್ಚುವವರು, ಸಿಯೆನಗಾದ ಹತ್ಯೆಯನ್ನೂ ಆ ವಿಚಿತ್ರಗಳ ಸಾಲಿಗೇ ಸೇರಿಸಿಬಿಡುತ್ತಾರೆ. 1982ರ ನೊಬೆಲ್ ಭಾಷಣದಲ್ಲಿ ಗಾರ್ಸಿಯಾ ಮಾರ್ಕ್ವೆಜ್ ತಮ್ಮ ಖಂಡದ ಸರ್ವಾಧಿಕಾರಿಗಳನ್ನೂ ಕಾಣೆಯಾದವರನ್ನೂ ದೇಶಭ್ರಷ್ಟರನ್ನೂ ಒಂದೊಂದಾಗಿ ಎಣಿಸುತ್ತ ಹೋದದ್ದು ಈ ಓದಿಗೆ ಕೊಟ್ಟ ಉತ್ತರದಂತಿದೆ. ತಮ್ಮ ಬದುಕನ್ನು ಬೇರೆಯವರು ನಂಬುವಂತೆ ಹೇಳಲು ಬೇಕಾದ ಸಾಧನಗಳೇ ತಮ್ಮ ಬಳಿ ಸಾಲದಾಗಿವೆ, ಏಕಾಂತದ ತಿರುಳು ಅದೇ ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಆಡಿದರು.

ಒಂದು ತೊಡಕು ಮಾತ್ರ ಉಳಿದೇ ಇದೆ, ಅದನ್ನು ಮುಚ್ಚಿಡಲಾಗದು. ಮೂರು ಸಾವಿರ ಎಂಬ ಸಂಖ್ಯೆ ಕಾದಂಬರಿಕಾರರದು. ಅಷ್ಟು ದೊಡ್ಡ ರೈಲನ್ನು ತುಂಬಲು, ದುರಂತಕ್ಕೆ ಮಹಾಕಾವ್ಯದ ಅಳತೆ ಕೊಡಲು ಆ ಸಂಖ್ಯೆಯನ್ನು ಇಟ್ಟುಕೊಂಡೆನೆಂದು ಅವರೇ ಹೇಳಿದ್ದಾರೆ. 2002ರಲ್ಲಿ ಬಂದ ಆತ್ಮಕಥನದಲ್ಲಿ, ಹತ್ಯೆಯ ವಾರ್ಷಿಕ ದಿನವೊಂದರಂದು ಕೊಲಂಬಿಯಾದ ಸೆನೆಟ್‌ನಲ್ಲಿ ಭಾಷಣಕಾರರೊಬ್ಬರು ಮೂರು ಸಾವಿರ ಅನಾಮಿಕ ಹುತಾತ್ಮರಿಗಾಗಿ ಒಂದು ನಿಮಿಷದ ಮೌನವನ್ನು ಕೋರಿದ್ದನ್ನು ಅವರು ನೆನೆಯುತ್ತಾರೆ. ಇತಿಹಾಸಕಾರ ಎದುವಾರ್ದೊ ಪೊಸಾದಾ ಕಾರ್ಬೊ ಅವರಂಥವರು, ಕಾದಂಬರಿ ಹೀಗೆ ಇತಿಹಾಸದ ಜಾಗವನ್ನು ಆಕ್ರಮಿಸಿಕೊಂಡದ್ದನ್ನು ಪ್ರಶ್ನಿಸಿದ್ದಾರೆ. ಅವರ ಆಕ್ಷೇಪ ನ್ಯಾಯವಾದದ್ದೆಂದು ನಾನು ಭಾವಿಸುತ್ತೇನೆ. ಅಧಿಕೃತ ಸುಳ್ಳೊಂದನ್ನು ಅಲುಗಾಡಿಸಿದ ಸಂಖ್ಯೆಯೇ ಮುಂದೆ ತಾನೂ ಅಧಿಕೃತವಾಗಿ, ಸಿಯೆನಗಾದ ಚೌಕದಲ್ಲಿ ನಿಜವಾಗಿ ಬಿದ್ದವರನ್ನು ಹುಡುಕಿ ಎಣಿಸುವ ಕೆಲಸವನ್ನು ಬೇಡವೆನಿಸುವಂತೆ ಮಾಡಬಲ್ಲದು. ಸಿಯೆನಗಾದ ಸತ್ತವರಿಗೆ ಕಾದಂಬರಿಯಿಂದ ಒಂದು ಸಂಖ್ಯೆ ಸಿಕ್ಕಿತು, ಪ್ರುದೆನ್ಸಿಯೊನಿಗೆ ಸಿಕ್ಕಂತೆ ಹೆಸರು ಹಿಡಿದು ಕರೆಯುವವರು ಇನ್ನೂ ಸಿಕ್ಕಿಲ್ಲ.